ಮಂದ ತಂತಿಯೊ, ಚಂಚಲ ತಂತಿಯೊ?

“ನಮ್ಮ ಇಂಟರ್‌ನೆಟ್ ಬಹಳ ನಿಧಾನ” ಎಂಬ ಮಾತು ಪದ್ಮನಾಭನಗರದ ಮನೆಗಳಲ್ಲಿ ಈಗ “ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ” ಎಂಬ ಮಾತಿನಷ್ಟೇ ರೂಢಿಯಾಗಿಬಿಟ್ಟಿದೆ. ಮನೆಯ ಹುಡುಗ ಕಚೇರಿಯ ಸಭೆಯಲ್ಲಿ ಮಾತನಾಡುತ್ತಿರುವಾಗ ಎದುರಿನವರ ಮುಖ ಕಲ್ಲಿನಂತೆ ನಿಂತುಬಿಡುತ್ತದೆ. ದೂರದೇಶದ ಮಗಳ ಧ್ವನಿ ಅಕ್ಷರ ಅಕ್ಷರವಾಗಿ ತುಂಡಾಗಿ ಬರುತ್ತದೆ. ಆಗ ಮನೆಯವರು ಕಂಪನಿಗೆ ಫೋನು ಮಾಡಿ, ತಿಂಗಳಿಗೆ ಇನ್ನಷ್ಟು ಹಣ ತೆತ್ತು, 50 ಮೆಗಾಬಿಟ್ಟಿನ ಬದಲು 100 ಮೆಗಾಬಿಟ್ಟಿನ ಯೋಜನೆಗೆ ಸೇರುತ್ತಾರೆ. ಮರುದಿನವೂ ಮುಖ ಕಲ್ಲಾಗಿಯೇ ನಿಲ್ಲುತ್ತದೆ. ಕಾರಣವೇನೆಂದರೆ, ಅವರ ತಂತಿಗೆ ಬಂದಿದ್ದ ರೋಗ ಒಂದು, ಅವರು ಕೊಟ್ಟ ಮದ್ದು ಇನ್ನೊಂದು.

ನಲ್ಲಿಯ ಉಪಮೆಯನ್ನೇ ಸ್ವಲ್ಪ ಮುಂದುವರಿಸೋಣ. ಒಂದು ಮನೆಯ ನಲ್ಲಿಯಲ್ಲಿ ನೀರು ಎಳೆಯಾಗಿ, ಆದರೆ ಒಂದೇ ಸಮನೆ ಬರುತ್ತದೆ. ಬಿಂದಿಗೆ ತುಂಬುವುದು ತಡವಾದರೂ ಎಷ್ಟು ಹೊತ್ತಿಗೆ ತುಂಬುತ್ತದೆಂದು ಹೇಳಬಹುದು. ಇನ್ನೊಂದು ಮನೆಯಲ್ಲಿ ಎರಡು ದಿನ ನಿಂತಿದ್ದ ಕಾವೇರಿ ನೀರು ಮತ್ತೆ ಬಂದಾಗ ಕೊಳವೆಯಲ್ಲಿ ಗಾಳಿ ಸೇರಿ, ನಲ್ಲಿ ಒಮ್ಮೆ ಗಡಗಡನೆ ಉಗುಳುತ್ತದೆ, ಒಮ್ಮೆ ಬರಿದೇ ಉಸಿರುಬಿಡುತ್ತದೆ. ಮೊದಲನೆಯದು ಮಂದ, ಎರಡನೆಯದು ಚಂಚಲ. ಕೊಳವೆಯನ್ನು ದಪ್ಪ ಮಾಡುವುದರಿಂದ ಮೊದಲನೆಯದು ಗುಣವಾಗುತ್ತದೆಯೇ ಹೊರತು ಎರಡನೆಯದಲ್ಲ. ಇಂಟರ್‌ನೆಟ್ ತಂತಿಯಲ್ಲಿ ಈ ಎರಡನ್ನು ಬೇರ್ಪಡಿಸಿ ತೋರಿಸುವ ಮೂರು ಅಂಕಿಗಳಿವೆ. ಅವೇ ಪಿಂಗ್, ಜಿಟರ್ ಮತ್ತು ಪ್ಯಾಕೆಟ್ ನಷ್ಟ. ಇವನ್ನು ಓದಲು ಎಂಜಿನಿಯರ್ ಆಗಬೇಕಾಗಿಲ್ಲ. ಮನೆಯ ಕಂಪ್ಯೂಟರಿನಲ್ಲಿಯೇ ಅಳೆದು ನೋಡಬಹುದು.

ಮೊದಲು ಪಿಂಗ್ ಎಂದರೇನೆಂದು ವಿಚಾರಿಸೋಣ. ಇಂಟರ್‌ನೆಟ್ಟಿನಲ್ಲಿ ಹೋಗುವ ಮಾತು, ಚಿತ್ರ, ಬರಹ ಎಲ್ಲವೂ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತವೆ. ಇವಕ್ಕೇ ಪ್ಯಾಕೆಟ್ ಎಂದು ಹೆಸರು. ಒಂದು ಪೊಟ್ಟಣವನ್ನು ದೂರದ ಯಂತ್ರವೊಂದಕ್ಕೆ ಕಳುಹಿಸಿ, “ಮುಟ್ಟಿತು” ಎಂಬ ಉತ್ತರ ತಿರುಗಿ ಬರಲು ಎಷ್ಟು ಹೊತ್ತಾಯಿತೆಂದು ಅಳೆಯುವುದೇ ಪಿಂಗ್. ಅಮೆರಿಕದ ಮೈಕ್ ಮ್ಯೂಸ್ ಎಂಬವರು 1983ರ ಡಿಸೆಂಬರಿನಲ್ಲಿ ಈ ಉಪಾಯವನ್ನು ಒಂದು ಸಣ್ಣ ಪ್ರೋಗ್ರಾಮಾಗಿ ಬರೆದರು. ಜಲಾಂತರ್ಗಾಮಿಗಳು ನೀರಿನೊಳಗೆ ಶಬ್ದ ಹೊರಡಿಸಿ ಅದರ ಮಾರ್ದನಿಯಿಂದ ದೂರವನ್ನು ತಿಳಿಯುತ್ತವೆಯಷ್ಟೆ? ಆ ಶಬ್ದದ ಹೆಸರನ್ನೇ ಅವರು ಇದಕ್ಕೂ ಇಟ್ಟರು. ಉತ್ತರದ ಹೊತ್ತನ್ನು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಹೇಳುತ್ತಾರೆ.

ಪಿಂಗ್ ಹೆಚ್ಚಿದ್ದ ಮಾತ್ರಕ್ಕೆ ತಂತಿ ಕೆಟ್ಟಿದೆಯೆಂದು ತಿಳಿಯಬಾರದು. ದೂರಕ್ಕೂ ಅದರಲ್ಲಿ ಪಾಲುಂಟು. ಗಾಜಿನ ಎಳೆಯಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಚೆನ್ನೈಗೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಹೋಗಿ ಬರುವುದು 700 ಆಯಿತು. ಬೆಳಕಿಗೇ ಮೂರೂವರೆ ಮಿಲಿಸೆಕೆಂಡು ಬೇಕು. ದಾರಿಯ ಸುತ್ತುಬಳಸು, ನಡುವಿನ ಯಂತ್ರಗಳ ಕೆಲಸ ಸೇರಿದರೆ ಅದು ಎರಡು ಮೂರು ಪಟ್ಟಾಗುವುದು ಸಹಜ. ಸಿಂಗಪುರಕ್ಕೆ ಹೋಗಿ ಬರಲು ಬೆಳಕಿಗೆ 30 ಮಿಲಿಸೆಕೆಂಡಿಗೂ ಮಿಗಿಲಾಗಿ ಬೇಕು. ಅಮೆರಿಕಕ್ಕಾದರೆ ಒಟ್ಟು 200 ದಾಟುವುದು ಸಾಮಾನ್ಯ. ಎಷ್ಟು ಹಣ ತೆತ್ತರೂ ಬೆಳಕು ಇದಕ್ಕಿಂತ ಬೇಗ ಓಡಲಾರದು. ಆದುದರಿಂದ ಪಿಂಗನ್ನು ನೋಡುವಾಗ ಯಾವ ಊರಿನ ಯಂತ್ರಕ್ಕೆ ಎಂಬುದನ್ನು ಮೊದಲು ಕೇಳಬೇಕು.

ಇನ್ನು ಅಳೆಯುವ ಕ್ರಮ. ವಿಂಡೋಸ್ ಕಂಪ್ಯೂಟರಿನಲ್ಲಿ ಆಜ್ಞೆಗಳನ್ನು ಟೈಪು ಮಾಡುವ ಕಪ್ಪು ಕಿಟಕಿಯನ್ನು ತೆರೆದು ಹೀಗೆ ಬರೆಯಿರಿ:

```
ping -n 100 8.8.8.8
```

ಮ್ಯಾಕ್ ಅಥವಾ ಲಿನಕ್ಸ್ ಯಂತ್ರವಾದರೆ `-n` ಬದಲು `-c` ಎಂದು ಬರೆಯಬೇಕು. 8.8.8.8 ಎಂಬುದು ಗೂಗಲ್ ಸಂಸ್ಥೆಯ ಸಾರ್ವಜನಿಕ ಯಂತ್ರವೊಂದರ ವಿಳಾಸ. ಯಾರು ಕೇಳಿದರೂ ಸಾಮಾನ್ಯವಾಗಿ ಉತ್ತರಿಸುತ್ತದೆ. ಸೆಕೆಂಡಿಗೊಂದರಂತೆ ನೂರು ಪೊಟ್ಟಣಗಳು ಹೋಗುತ್ತವೆ; ಒಂದೂ ಮುಕ್ಕಾಲು ನಿಮಿಷದಷ್ಟು ಕೆಲಸ. ಅಂಕಿಯನ್ನು ಕೊಡದಿದ್ದರೆ ವಿಂಡೋಸ್ ನಾಲ್ಕನ್ನೇ ಕಳುಹಿಸಿ ಸುಮ್ಮನಾಗುತ್ತದೆ. ನಾಲ್ಕರಲ್ಲಿ ಒಂದು ಹೋದರೆ ಪರದೆಯ ಮೇಲೆ `25% loss` ಎಂದು ಬರುತ್ತದೆ. ಅದನ್ನು ನಂಬಿ ಗಾಬರಿಯಾಗುವುದು, ನಾಲ್ಕು ಜನರನ್ನು ಕೇಳಿ ಊರಿನ ಮತವನ್ನು ನಿರ್ಧರಿಸಿದಂತೆಯೇ ಸರಿ.

ಈಗ ಒಂದೇ ಬೀದಿಯ ಎರಡು ಮನೆಗಳನ್ನು ಕಲ್ಪಿಸಿಕೊಳ್ಳಿ. ಓದಲು ಸುಲಭವಾಗಲೆಂದು ಹತ್ತು ಹತ್ತು ಉತ್ತರಗಳನ್ನು ಮಾತ್ರ ತೆಗೆದುಕೊಳ್ಳೋಣ.

ಮೊದಲನೆಯ ಮನೆ: 62, 63, 62, 64, 63, 62, 63, 64, 62, 63.

ಎರಡನೆಯ ಮನೆ: 12, 14, 11, 85, 13, ನಷ್ಟ, 12, 140, 16, 12.

ಸರಾಸರಿಯನ್ನು ನೋಡಿದರೆ ಮೊದಲನೆಯ ಮನೆಯದು 62.8, ಎರಡನೆಯದು, ಬಂದ ಒಂಬತ್ತು ಉತ್ತರಗಳನ್ನು ಕೂಡಿ ಭಾಗಿಸಿದರೆ 35. ಸರಾಸರಿಯನ್ನು ಮಾತ್ರ ನಂಬುವವರು ಎರಡನೆಯ ಮನೆಯ ತಂತಿಯೇ ಉತ್ತಮವೆಂದಾರು. ಆದರೆ ಸಭೆಯಲ್ಲಿ ಮಾತು ತುಂಡಾಗುವುದು ಈ ಎರಡನೆಯ ಮನೆಯಲ್ಲಿ. ಮೊದಲನೆಯವರು ನೆಮ್ಮದಿಯಾಗಿ ಮಾತನಾಡುತ್ತಿರುತ್ತಾರೆ. ಮೊದಲನೆಯ ಮನೆಯ ಕಂಪನಿ ಪೊಟ್ಟಣಗಳನ್ನು ದೂರದ ಊರೊಂದನ್ನು ಬಳಸಿಕೊಂಡು ಒಯ್ಯುತ್ತಿರಬಹುದು. ಆದರೆ ಪ್ರತಿಯೊಂದೂ ಗಡಿಯಾರಕ್ಕೆ ಸರಿಯಾಗಿ ಬರುತ್ತಿದೆ.

ಈ ವ್ಯತ್ಯಾಸವನ್ನು ಅಂಕಿಯಲ್ಲಿ ಹೇಳುವುದೇ ಜಿಟರ್. ಒಂದು ಉತ್ತರಕ್ಕೂ ಅದರ ಮುಂದಿನ ಉತ್ತರಕ್ಕೂ ಎಷ್ಟು ಅಂತರವೆಂದು, ಹೆಚ್ಚೊ ಕಡಮೆಯೊ ಎಣಿಸದೆ ಬರೆದುಕೊಂಡು, ಆ ಅಂತರಗಳ ಸರಾಸರಿ ತೆಗೆಯಿರಿ. ಮೊದಲನೆಯ ಮನೆಯ ಅಂತರಗಳು 1, 1, 2, 1, 1, 1, 1, 2, 1. ಒಟ್ಟು 11, ಒಂಬತ್ತರಿಂದ ಭಾಗಿಸಿದರೆ ಸುಮಾರು 1.2 ಮಿಲಿಸೆಕೆಂಡು. ಎರಡನೆಯ ಮನೆಯಲ್ಲಿ, ನಷ್ಟವಾದುದನ್ನು ಬಿಟ್ಟು ಎಣಿಸಿದರೆ, 2, 3, 74, 72, 1, 128, 124, 4. ಒಟ್ಟು 408, ಎಂಟರಿಂದ ಭಾಗಿಸಿದರೆ 51. ಜಿಟರು ಸರಾಸರಿ ಪಿಂಗಿಗಿಂತಲೂ ಮೇಲೇರಿದ ತಂತಿಯನ್ನು ಚಂಚಲವೆನ್ನದೆ ಇನ್ನೇನೆನ್ನೋಣ? ಜಿಟರನ್ನು ಲೆಕ್ಕ ಹಾಕುವ ಬೇರೆ ಸೂತ್ರಗಳೂ ಉಂಟು. ಆದುದರಿಂದ ಎರಡು ಬೇರೆ ಬೇರೆ ಸಾಧನಗಳು ತೋರಿಸಿದ ಜಿಟರನ್ನು ಒಂದರೊಡನೊಂದು ಹೋಲಿಸಬಾರದು. ಒಂದೇ ಸಾಧನದಿಂದ ಬೆಳಿಗ್ಗೆ, ಸಂಜೆ ಅಳೆದುದನ್ನು ಹೋಲಿಸಬಹುದು.

ಮಾತಿಗೆ ಜಿಟರು ಏಕೆ ಇಷ್ಟು ಶತ್ರು? ದೂರದಿಂದ ಬರುವ ಧ್ವನಿಯ ಪೊಟ್ಟಣಗಳನ್ನು ನಿಮ್ಮ ಯಂತ್ರ ಬಂದ ಕೂಡಲೆ ನುಡಿಸುವುದಿಲ್ಲ. ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು, ಒಂದೇ ಲಯದಲ್ಲಿ ಬಿಡುತ್ತದೆ. ಆ ಕಾಯುವ ಹೊತ್ತು 60 ಮಿಲಿಸೆಕೆಂಡು ಎಂದಿಟ್ಟುಕೊಳ್ಳಿ. ಸಾಮಾನ್ಯಕ್ಕಿಂತ 128 ಮಿಲಿಸೆಕೆಂಡು ತಡವಾಗಿ ಬಂದ ಪೊಟ್ಟಣದ ಸರದಿ ಆಗಲೇ ಮುಗಿದಿರುತ್ತದೆ; ಅದು ಮನೆಗೆ ಮುಟ್ಟಿದರೂ ಕಸದ ಬುಟ್ಟಿಗೇ ಹೋಗಬೇಕು. ಮುಹೂರ್ತ ಮುಗಿದ ಮೇಲೆ ಬಂದ ಪುರೋಹಿತರಿಂದ ಏನು ಪ್ರಯೋಜನ? ಹೀಗೆ ಅತಿಯಾದ ಜಿಟರು ಕೇಳುವವರ ಕಿವಿಗೆ ನಷ್ಟವೇ ಆಗಿ ಪರಿಣಮಿಸುತ್ತದೆ. ಸಿನಿಮಾ ನೋಡುವವರಿಗೆ ಇದು ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಯಂತ್ರ ಹಲವು ಸೆಕೆಂಡುಗಳಷ್ಟು ಚಿತ್ರವನ್ನು ಮುಂಚೆಯೇ ತುಂಬಿಟ್ಟಿರುತ್ತದೆ. “ಸಿನಿಮಾ ಚೆನ್ನಾಗಿ ಬರುತ್ತದೆ, ಸಭೆ ಮಾತ್ರ ಕೆಡುತ್ತದೆ” ಎಂದು ಯಾರಾದರೂ ಹೇಳಿದರೆ ಚಂಚಲತೆಯನ್ನು ಶಂಕಿಸಿ. “ಸಭೆ ಚೆನ್ನಾಗಿದೆ, ದೊಡ್ಡ ಕಡತ ಇಳಿಯುವುದು ಮಾತ್ರ ಬಹಳ ತಡ” ಎಂದರೆ ಅದು ಮಂದ ತಂತಿಯ ಲಕ್ಷಣ.

ಮೂರನೆಯ ಅಂಕಿ ಪ್ಯಾಕೆಟ್ ನಷ್ಟ. ನೂರು ಹೋಗಿ ತೊಂಬತ್ತೆಂಟು ಬಂದರೆ ನಷ್ಟ ಶೇಕಡ 2. ಇದು ಅಲ್ಪವೆಂದು ತೋರುತ್ತದೆ. ಆದರೆ ಇದೇ ಹಲವು ವೇಳೆ ಮಂದತೆಯ ವೇಷ ಹಾಕಿಕೊಂಡು ನಮ್ಮನ್ನು ವಂಚಿಸುತ್ತದೆ. ಕಡತಗಳನ್ನು ಕಳುಹಿಸುವ ಟಿಸಿಪಿ ಎಂಬ ಪದ್ಧತಿ, ಪೊಟ್ಟಣವೊಂದು ಕಳೆದುಹೋದರೆ “ದಾರಿಯಲ್ಲಿ ನೂಕುನುಗ್ಗಲಿದೆ” ಎಂದು ಭಾವಿಸಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನೂಕುನುಗ್ಗಲೇ ಇಲ್ಲದೆ, ಮಳೆಗೆ ನೆಂದ ಜೋಡಣೆಯಿಂದ ಪೊಟ್ಟಣ ಕಳೆದರೂ ಅದರ ವರ್ತನೆ ಹೀಗೆಯೇ. 1997ರಲ್ಲಿ ಮ್ಯಾಥಿಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸೂತ್ರದಂತೆ ಲೆಕ್ಕ ಮಾಡಿದರೆ, ಪಿಂಗ್ 25 ಮಿಲಿಸೆಕೆಂಡು, ನಷ್ಟ ಶೇಕಡ 2 ಇರುವ ತಂತಿಯಲ್ಲಿ ಒಂದು ಸಂಪರ್ಕಕ್ಕೆ ಸಿಗುವುದು ಸುಮಾರು 4 ಮೆಗಾಬಿಟ್ಟು ಮಾತ್ರ. ನೀವು 100ಕ್ಕೆ ಹಣ ತೆತ್ತರೂ ಅಷ್ಟೆ, 300ಕ್ಕೆ ತೆತ್ತರೂ ಅಷ್ಟೆ. ಹೊಸ ಬಗೆಯ ಕೆಲವು ಪದ್ಧತಿಗಳು ನಷ್ಟಕ್ಕೆ ಇಷ್ಟೊಂದು ಹೆದರುವುದಿಲ್ಲ. ಆದರೂ ವೇಗ ಕಡಮೆಯೆಂದು ಕಂಡಾಗ ಮೊದಲು ನಷ್ಟವನ್ನು ಅಳೆದು, ಅದು ಸೊನ್ನೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ತಂತಿ ಮಂದವೆಂದು ತೀರ್ಮಾನಿಸುವುದು ವಿವೇಕ.

ಇದಕ್ಕೆ ತಿರುಗಾಮುರುಗಾ ಆದ ಇನ್ನೊಂದು ವೇಷವೂ ಉಂಟು. ಮಂದ ತಂತಿಯೇ ಚಂಚಲವೆಂಬಂತೆ ತೋರುವುದು. ಮನೆಯ ಪಿಂಗ್ ಸುಮ್ಮನಿದ್ದಾಗ 12. ಅಷ್ಟರಲ್ಲಿ ಒಳಕೋಣೆಯ ಮೊಬೈಲು ಮದುವೆಯ ವಿಡಿಯೊಗಳನ್ನು ದೂರದ ಸಂಗ್ರಹಕ್ಕೆ ಏರಿಸಲು ತೊಡಗುತ್ತದೆ. ಪಿಂಗ್ ತಟಕ್ಕನೆ 400ಕ್ಕೆ ಹಾರುತ್ತದೆ. ಇಲ್ಲಿ ಏನೂ ಮುರಿದಿಲ್ಲ. ಮೇಲೆ ಕಳುಹಿಸುವ ವೇಗ ಸೆಕೆಂಡಿಗೆ 5 ಮೆಗಾಬಿಟ್ಟು, ಪೆಟ್ಟಿಗೆಯೊಳಗಿನ ಸಾಲಿನಲ್ಲಿ 256 ಕಿಲೋಬೈಟಿನಷ್ಟು ಪೊಟ್ಟಣಗಳು ನಿಲ್ಲಬಲ್ಲವು ಎಂದುಕೊಳ್ಳಿ. 256 ಕಿಲೋಬೈಟೆಂದರೆ ಸುಮಾರು ಎರಡು ಮೆಗಾಬಿಟ್ಟು. ಅಷ್ಟು ಸಾಲು ಕರಗಲು ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು, ಅಂದರೆ 400 ಮಿಲಿಸೆಕೆಂಡು ಬೇಕೇ ಬೇಕು. ನಿಮ್ಮ ಮಾತಿನ ಪುಟ್ಟ ಪೊಟ್ಟಣ ಆ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ಪರೀಕ್ಷೆ ಬಹಳ ಸುಲಭ: ಪಿಂಗ್ ಓಡುತ್ತಿರುವಂತೆಯೇ ಮನೆಯ ಇತರ ಫೋನು, ಟೆಲಿವಿಷನ್ ಎಲ್ಲವುಗಳ ಸಂಪರ್ಕವನ್ನು ಕಳಚಿ. ಅಂಕಿ ಕೂಡಲೆ 12ಕ್ಕೆ ಇಳಿದು ಅಲ್ಲಿಯೇ ನಿಂತರೆ ಅದು ಸಾಲಿನ ತೊಂದರೆ. ಎಲ್ಲವನ್ನೂ ಕಳಚಿದ ಮೇಲೂ ಅಂಕಿ ಕುಣಿಯುತ್ತಿದ್ದರೆ ತಂತಿಯೇ ಚಂಚಲ. ಸಾಲಿನ ತೊಂದರೆಗೆ ಮಾತ್ರ ಹೆಚ್ಚಿನ ವೇಗದ ಯೋಜನೆ ನೆರವಾದೀತು. ಆಗಲೂ ಮೇಲ್ಮುಖದ ವೇಗವೆಷ್ಟೆಂದು ಕೇಳಿ ಕೊಳ್ಳಬೇಕು. ರೌಟರಿನಲ್ಲಿ ಸಾಲನ್ನು ಹದದಲ್ಲಿಡುವ ಏರ್ಪಾಡಿದ್ದರೆ ಅದನ್ನು ಚಾಲೂ ಮಾಡುವುದು ಇನ್ನೂ ಅಗ್ಗ.

ಚಂಚಲತೆ ನಿಜವೆಂದು ಗೊತ್ತಾದ ಮೇಲೆ ಅದು ಎಲ್ಲಿದೆಯೆಂದು ಹುಡುಕಬೇಕು. ಇದಕ್ಕೆ ಏಣಿಯ ಮೂರು ಮೆಟ್ಟಿಲುಗಳಿವೆ. ಮೊದಲನೆಯದು ನಿಮ್ಮ ಮನೆಯ ರೌಟರು; ಅದರ ವಿಳಾಸ ಅನೇಕ ಮನೆಗಳಲ್ಲಿ 192.168.1.1 ಅಥವಾ 192.168.0.1 ಆಗಿರುತ್ತದೆ. ಎರಡನೆಯದು ಕಂಪನಿಯ ಮೊದಲ ಯಂತ್ರ. ಮೂರನೆಯದು ಹೊರಗಿನ 8.8.8.8. ಎರಡನೆಯದರ ವಿಳಾಸವನ್ನು ತಿಳಿಯಲು ಹೀಗೆ ಬರೆಯಿರಿ:

```
tracert -d 8.8.8.8
```

ಬರುವ ಪಟ್ಟಿಯಲ್ಲಿ ಮೊದಲ ಸಾಲು ನಿಮ್ಮ ರೌಟರು, ಅದರ ಕೆಳಗಿನದು ಸಾಮಾನ್ಯವಾಗಿ ಕಂಪನಿಯದು. ಈಗ ಮೂರಕ್ಕೂ ನೂರು ನೂರು ಪಿಂಗ್ ಕಳುಹಿಸಿ ಬರೆದಿಟ್ಟುಕೊಳ್ಳಿ.

ನಾವು ಕಲ್ಪಿಸಿದ ಎರಡನೆಯ ಮನೆಯಲ್ಲಿ ಮೊದಲ ಮೆಟ್ಟಿಲಿನಲ್ಲೇ, ಅಂದರೆ ಗೋಡೆಯಾಚೆಯ ರೌಟರಿಗೇ, ಉತ್ತರಗಳು 2, 3, 90, 2, 130 ಎಂದು ಕುಣಿದರೆ ಹೊರಗಿನ ತಂತಿಯನ್ನು ದೂರುವುದು ನ್ಯಾಯವಲ್ಲ. ದೋಷ ಮನೆಯ ವೈಫೈಯಲ್ಲಿದೆ. ಒತ್ತೊತ್ತಾಗಿ ಕಟ್ಟಿದ ಅಪಾರ್ಟ್‌ಮೆಂಟುಗಳಲ್ಲಿ ಹತ್ತಾರು ರೌಟರುಗಳು 2.4 ಗಿಗಾಹರ್ಟ್ಸ್ ಅಲೆಯಲ್ಲಿ ಒಟ್ಟಿಗೇ ಮಾತನಾಡುತ್ತಿರುತ್ತವೆ. ಆ ಪಟ್ಟಿಯಲ್ಲಿ ಒಂದನ್ನೊಂದು ತುಳಿಯದ ಜಾಗಗಳು 1, 6, 11 ಎಂಬ ಮೂರೇ. ಪಕ್ಕಪಕ್ಕದ ಎರಡು ನಿಲಯಗಳು ರೇಡಿಯೊದಲ್ಲಿ ಒಂದರ ಮೇಲೊಂದು ಬಿದ್ದು ಕೇಳಿಸುವುದನ್ನು ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೌಟರಿಗೂ ಕಂಪ್ಯೂಟರಿಗೂ ನೇರವಾಗಿ ಕೇಬಲ್ ಹಾಕಿ ಮತ್ತೆ ಅಳೆಯಿರಿ. ಕುಣಿತ ನಿಂತರೆ ರೋಗಮೂಲ ಸಿಕ್ಕಂತಾಯಿತು. 5 ಗಿಗಾಹರ್ಟ್ಸ್ ಅಲೆಗೆ ಬದಲಾಯಿಸುವುದು, ಇಲ್ಲವೆ ಕೆಲಸದ ಮೇಜಿಗೆ ಕೇಬಲನ್ನೇ ಎಳೆಯುವುದು ಅದಕ್ಕೆ ಮದ್ದು.

ಕೇಬಲಿನಲ್ಲಿ ರೌಟರಿಗೆ ಒಂದೇ ಸಮನೆ 1 ಮಿಲಿಸೆಕೆಂಡು ಬಂದು, ಕಂಪನಿಯ ಮೊದಲ ಯಂತ್ರಕ್ಕೂ 8.8.8.8ಕ್ಕೂ ನಷ್ಟ ಕಂಡುಬಂದರೆ ದೋಷ ಬೀದಿಯಲ್ಲಿದೆ. ನಮ್ಮ ಭಾಗದ ಬೀದಿಗಳಲ್ಲಿ ತಲೆಯೆತ್ತಿ ನೋಡಿದರೆ ಕಾರಣಗಳು ಕಣ್ಣಿಗೇ ಕಾಣುತ್ತವೆ. ಕಪ್ಪು ಕೇಬಲುಗಳು ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ತೂಗಾಡುತ್ತವೆ. ಮೇ ತಿಂಗಳ ಗಾಳಿಮಳೆಗೆ ಕೊಂಬೆ ಬಿದ್ದು ಎಳೆಯುತ್ತದೆ. ಗಾಜಿನ ಎಳೆ ಚೂಪಾಗಿ ಬಾಗಿದ ಕಡೆ ಬೆಳಕು ಸೋರುತ್ತದೆ. ಪೂರಾ ತುಂಡಾಗದೆ, ಅರೆಜೀವವಾಗಿ ಉಳಿಯುತ್ತದೆ. ಕೆಲವು ಕಂಪನಿಗಳು ಗಾಜಿನ ಎಳೆಯನ್ನು ಬೀದಿಯ ಒಂದು ಕಟ್ಟಡದವರೆಗೆ ತಂದು, ಅಲ್ಲಿಂದ ನಿಮ್ಮ ಮನೆಗೆ ತಾಮ್ರದ ಕೇಬಲು ಎಳೆದಿರುತ್ತವೆ. ಅದರ ಜೋಡಣೆಗೆ ನೀರಿಳಿದರೆ ನಷ್ಟ ಹುಟ್ಟುತ್ತದೆ. ಆ ಕಟ್ಟಡದಲ್ಲಿ ವಿದ್ಯುತ್ತು ಹೋದರೆ, ನಿಮ್ಮ ಮನೆಯಲ್ಲಿ ದೀಪ ಉರಿಯುತ್ತಿದ್ದರೂ ಸಂಪರ್ಕ ಕಡಿಯುತ್ತದೆ.

ಹರಿದ ತಂತಿಯನ್ನೂ ನೂಕುನುಗ್ಗಲನ್ನೂ ಬೇರ್ಪಡಿಸುವುದು ಗಡಿಯಾರದ ಕೆಲಸ. ಮೂರು ನಾಲ್ಕು ದಿನ ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ರಾತ್ರಿ ಒಂಬತ್ತಕ್ಕೆ ನೂರು ನೂರು ಪಿಂಗ್ ತೆಗೆದು ಬರೆದಿಡಿ. ಬೆಳಿಗ್ಗೆ ಶುದ್ಧವಾಗಿದ್ದು ಪ್ರತಿ ರಾತ್ರಿ ಮಾತ್ರ ಅಂಕಿ ಕೆಟ್ಟರೆ, ಕಂಪನಿಯ ಮುಖ್ಯ ದಾರಿಯಲ್ಲಿ ಜನ ಹೆಚ್ಚಾಗಿದ್ದಾರೆ. ನಿಮ್ಮ ಬೀದಿಯ ಕೇಬಲನ್ನು ಬದಲಾಯಿಸಿ ಫಲವಿಲ್ಲ. ಹೊತ್ತನ್ನು ಲೆಕ್ಕಿಸದೆ, ಗಾಳಿ ಬೀಸಿದಾಗ, ಮಳೆ ಹನಿದಾಗ ಕೆಟ್ಟರೆ ತಂತಿಗೇ ಗಾಯವಾಗಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. `tracert` ಪಟ್ಟಿಯ ನಡುವೆ ನಕ್ಷತ್ರದ ಗುರುತುಗಳು, ಇಲ್ಲವೆ ಯಾವುದೊ ಒಂದು ಯಂತ್ರದ ಮುಂದೆ ಮಾತ್ರ ದೊಡ್ಡ ಅಂಕಿ ಕಾಣಬಹುದು. ಪೊಟ್ಟಣಗಳನ್ನು ಮುಂದಕ್ಕೆ ದಾಟಿಸುವುದು ಆ ಯಂತ್ರಗಳ ಮುಖ್ಯ ಕೆಲಸ. ಪಿಂಗಿಗೆ ಉತ್ತರ ಕೊಡುವುದು ಬಿಡುವಿನ ಕೆಲಸ. ಕೊನೆಯ ಸಾಲಿನ ಅಂಕಿ ಚೆನ್ನಾಗಿದ್ದರೆ ನಡುವಿನ ಮೌನ ದೋಷವಲ್ಲ. ದೋಷವಾದರೆ ಅದು ಆ ಸಾಲಿನಿಂದ ಹಿಡಿದು ಕೊನೆಯವರೆಗೂ ಮುಂದುವರಿದಿರಬೇಕು. ಇದೇ ಕಾರಣದಿಂದ ಎರಡನೆಯ ಮೆಟ್ಟಿಲು ಉತ್ತರವನ್ನೇ ಕೊಡದಿದ್ದರೆ ಅದನ್ನು ನಷ್ಟವೆಂದು ಎಣಿಸದೆ, ಮೊದಲನೆಯದನ್ನೂ ಮೂರನೆಯದನ್ನೂ ಹೋಲಿಸಿ ನೋಡಬೇಕು. ಹಾಗೆಯೇ ಮೊಬೈಲಿನಿಂದ ಅಳೆಯುವುದು ಬೇಡ; ಬ್ಯಾಟರಿ ಉಳಿಸಲು ಅದರ ವೈಫೈ ಆಗಾಗ್ಗೆ ತೂಕಡಿಸುತ್ತದೆ, ಆ ತೂಕಡಿಕೆ ನಿಮ್ಮ ಲೆಕ್ಕದಲ್ಲಿ ಜಿಟರಾಗಿ ಸೇರಿಬಿಡುತ್ತದೆ.

ಇಷ್ಟು ಮಾಡಿದ ಮೇಲೆ ಕಂಪನಿಗೆ ಫೋನು ಮಾಡುವಾಗ “ನಿಧಾನವಾಗಿದೆ” ಎನ್ನಬೇಡಿ. ಹಾಗೆಂದರೆ ಅವರು ವೇಗಪರೀಕ್ಷೆ ಮಾಡಿಸಿ, ಅಂಕಿ ಸರಿಯಿದೆಯೆಂದು ದೂರನ್ನು ಮುಚ್ಚಬಹುದು. “ರೌಟರಿಗೆ ಕೇಬಲ್ ಹಾಕಿ ಅಳೆದಿದ್ದೇವೆ. ರೌಟರಿಗೆ ನಷ್ಟ ಸೊನ್ನೆ. ನಿಮ್ಮ ಮೊದಲ ಯಂತ್ರಕ್ಕೆ ನೂರರಲ್ಲಿ ಐದು ನಷ್ಟ. ಬೆಳಿಗ್ಗೆಯೂ ಹೀಗೆಯೇ, ರಾತ್ರಿಯೂ ಹೀಗೆಯೇ, ಸೋಮವಾರದ ಮಳೆಯಿಂದ ಆರಂಭವಾಯಿತು” ಎಂದು ಹೇಳಿ. ಅಷ್ಟು ಕೇಳಿದ ಮೇಲೆ ಯೋಜನೆ ಬದಲಾಯಿಸಿರೆಂದು ಹೇಳಲು ಅವರಿಗೂ ಮನಸ್ಸು ಬಾರದು. ಏಣಿ ಹೊತ್ತ ಕೆಲಸಗಾರನನ್ನೇ ಬೀದಿಗೆ ಕಳುಹಿಸಬೇಕಾಗುತ್ತದೆ.